ಮಣ್ಣಿನ ಓಲೆಯಿಂದ ಉಡುಗೊರೆ ಪೆಟ್ಟಿಗೆವರೆಗೆ: ಅಂಗಡಿ ಹೆಸರು ಬದಲಿಸಬೇಕಾ?

ಕೆಮ್ಮಣ್ಣು
ಎಲ್ಲರಿಗೂ ನಮಸ್ಕಾರ. ನಾವು ಇಬ್ಬರು ಸೇರಿ ಟೆರಾಕೋಟಾ ಕಿವಿಯೋಲೆ, ಸರದ ಸೆಟ್ ಮಾಡಿ ಇನ್‌ಸ್ಟಾಗ್ರಾಮ್‌ನಲ್ಲಿ ಮಾರುತ್ತಿದ್ದೇವೆ. ಹೆಸರು "ಮಣ್ಣೋಲೆ", ಇಂಗ್ಲಿಷಿನಲ್ಲಿ mannole. ಈಗ ಸ್ವಂತ ವೆಬ್‌ಸೈಟ್ ಮಾಡಿಸಲು ಹೊರಟಿದ್ದೇವೆ. ದೀಪಾವಳಿಗೆ ಮಣ್ಣಿನ ಹಣತೆ, ಆಮೇಲೆ ಸಂಡೂರಿನ ಲಂಬಾಣಿ ಕಸೂತಿಯ ಪೌಚ್, ಚನ್ನಪಟ್ಟಣದ ಗೊಂಬೆ. ಎರಡು ವರ್ಷದಲ್ಲಿ ಸೀಮಂತ, ಗೃಹಪ್ರವೇಶಕ್ಕೆ ಕೊಡುವ ರಿಟರ್ನ್ ಗಿಫ್ಟ್ ಪೆಟ್ಟಿಗೆ ಶುರು ಮಾಡಬೇಕು ಅಂತ ಲೆಕ್ಕ. ಆಗ ಮಣ್ಣೂ ಇರಲ್ಲ, ಓಲೆಯೂ ಇರಲ್ಲ. ನಮ್ಮ ಪಟ್ಟಿಯಲ್ಲಿರುವುದು: "ಮಣ್ಣೋಲೆ ಗಿಫ್ಟ್ಸ್", "ಉಡುಗೊರೆ ಮನೆ", "ಬಾಗಿನ". ಯಾವುದು ಬಾಳುತ್ತದೆ? ಡೊಮೈನ್ ಇನ್ನೂ ಕೊಂಡಿಲ್ಲ.

ಸಾಲುಮರ
ಬಾಗಿನ. ಕಣ್ಣು ಮುಚ್ಚಿ ತಗೊಳ್ಳಿ.

ತುಂಗಾತೀರ
ಸಾಲುಮರ ಅವರೇ, ಸ್ವಲ್ಪ ತಡೆಯಿರಿ. ಬಾಗಿನ ಅಂದ ತಕ್ಷಣ ಮೊರ, ಗೌರಿ ಹಬ್ಬ, ಅರಿಶಿನ ಕುಂಕುಮ ಕಣ್ಣ ಮುಂದೆ ಬರುತ್ತದೆ. ಮುತ್ತೈದೆಗೆ ಕೊಡುವುದು ಅನ್ನುವ ಅರ್ಥ ಆ ಮಾತಿನೊಳಗೇ ಕೂತಿದೆ. ಆಫೀಸಿನ ಗೆಳೆಯನಿಗೋ ಮಗುವಿನ ಹುಟ್ಟುಹಬ್ಬಕ್ಕೋ ಉಡುಗೊರೆ ಹುಡುಕುವವರು "ಇದು ಪೂಜೆ ಸಾಮಾನಿನ ಅಂಗಡಿ" ಅಂತ ಮುಂದೆ ಹೋಗುತ್ತಾರೆ. ಮಣ್ಣೋಲೆ ವಸ್ತುವಿಗೆ ಕಟ್ಟಿಹಾಕಿತ್ತು, ಬಾಗಿನ ಸಂದರ್ಭಕ್ಕೆ ಕಟ್ಟಿಹಾಕುತ್ತದೆ. ಒಂದು ಗೂಟ ಬಿಚ್ಚಿ ಇನ್ನೊಂದಕ್ಕೆ ಕಟ್ಟಿದ ಹಾಗೆ.

ಹೆಸರು ಅಂಗಡಿಯನ್ನು ಯಾವುದಕ್ಕೆ ಕಟ್ಟುತ್ತದೆ ಅಂತ ಮೊದಲು ನೋಡಿ. ಕಚ್ಚಾವಸ್ತು (ಮಣ್ಣು, ಮರ, ನೂಲು), ಸಾಮಾನು (ಓಲೆ, ಗೊಂಬೆ), ಸಂದರ್ಭ (ಬಾಗಿನ, ಸೀಮಂತ), ಊರು. ಕೆಮ್ಮಣ್ಣು ಅವರು ಬರೆದ ಯೋಜನೆಯಲ್ಲಿ ಈ ನಾಲ್ಕೂ ಬದಲಾಗುತ್ತವೆ. ಬದಲಾಗದೆ ಉಳಿಯುವುದು ಎರಡೇ: ಯಾರೋ ಕೂತು ಕೈಯಿಂದ ಮಾಡಿದ್ದು, ಇನ್ಯಾರಿಗೋ ಕೊಡಲಿಕ್ಕೆ ಕೊಳ್ಳುವಂಥದ್ದು. ಹೆಸರು ಆ ಎರಡರ ಸುತ್ತ ಇರಲಿ, ಇಲ್ಲವೇ ಯಾವುದನ್ನೂ ವರ್ಣಿಸದ ಹೆಸರಿರಲಿ.

ಹಳೇಪೇಟೆ
"ಮುಯ್ಯಿ" ಹೇಗೆ? ಮದುವೆಗೆ ಮುಯ್ಯಿ ಮಾಡ್ತೀವಲ್ಲ. ಚಿಕ್ಕ ಹೆಸರು, ನಮ್ಮ ಕಡೆ ಎಲ್ಲರಿಗೂ ಗೊತ್ತು.

ಕಡಲಮಗಳು
ನಿಮ್ಮ ಕಡೆ ಗೊತ್ತು. ಉಳಿದವರಿಗೆ "ಮುಯ್ಯಿ ತೀರಿಸಿಕೊಳ್ಳುವುದು" ಮೊದಲು ನೆನಪಾಗುತ್ತದೆ. ಉಡುಗೊರೆ ಪೆಟ್ಟಿಗೆ ಮೇಲೆ ಸೇಡಿನ ಮಾತು ಬೇಡ ಮಾರಾಯ್ರೆ.

ಧಾರವಾಡ್ ಫೇಡೆ
"ಉಡುಗೊರೆ ಮನೆ" ಛಲೋ ಐತಲ್ರಿ. ಏನ್ ಮಾರ್ತಾರ ಅಂತ ಕೇಳಿದ ಕೂಡ್ಲೇ ತಿಳಿತದ. ನಾಳೆ ಏನ್ ಕೂಡಿಸಿದ್ರೂ ಉಡುಗೊರೀನೇ.

ಗುರುತುಚೀಟಿ
ಅರ್ಥಕ್ಕೆ ಹೊಂದುತ್ತದೆ, ನಿಜ. ತೊಂದರೆ ಬೇರೆ ಕಡೆ ಇದೆ. ನಾನು ಟ್ರೇಡ್‌ಮಾರ್ಕ್ ಅರ್ಜಿಗಳ ಕೆಲಸ ಮಾಡುವವನು. ಸರಕು ಏನು ಅಂತ ನೇರವಾಗಿ ಹೇಳುವ ಹೆಸರಿಗೆ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಅಡ್ಡ ಬರುತ್ತದೆ. ಉಡುಗೊರೆ ಮಾರುವ ಅಂಗಡಿಗೆ "ಉಡುಗೊರೆ" ಅನ್ನುವ ಪದ ಒಬ್ಬರ ಸ್ವತ್ತಾಗಲು ಬಿಡುವುದಿಲ್ಲ, ಏಕೆಂದರೆ ಉಳಿದ ವ್ಯಾಪಾರಿಗಳಿಗೂ ಆ ಪದ ಬೇಕು. ಕನ್ನಡದಲ್ಲಿ ಬರೆದರೆ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ. ಹಿಂದಿ, ಇಂಗ್ಲಿಷ್ ಬಿಟ್ಟು ಬೇರೆ ಲಿಪಿಯಲ್ಲಿ ಅರ್ಜಿ ಹಾಕಿದರೆ ಉಚ್ಚಾರಣೆ ಮತ್ತು ಅರ್ಥ ಎರಡನ್ನೂ ಬರೆದುಕೊಡಬೇಕು. ನೋಂದಣಿ ಸಿಗದಿದ್ದರೂ ಅಂಗಡಿ ನಡೆಸಬಹುದು, ಅದಕ್ಕೆ ತಡೆಯಿಲ್ಲ. ಆದರೆ ನಾಳೆ ಯಾರೋ "ಉಡುಗೊರೆಯ ಮನೆ" ಅಂತ ಶುರು ಮಾಡಿದರೆ ನಿಮ್ಮ ಕೈಯಲ್ಲಿ ಹಿಡಿಯಲು ಏನೂ ಇರುವುದಿಲ್ಲ.

ಬೆಲ್ಲದಚ್ಚು
ನಾನು ಮನೆಯಲ್ಲೇ ಕೇಕ್ ಮಾಡಿ ಮಾರ್ತೀನಿ. ಇನ್‌ಸ್ಟಾಗ್ರಾಮ್ ಹೆಸರು ಬದಲಿಸಿದರೆ ಫಾಲೋವರ್ಸ್ ಹೋಗ್ತಾರಾ? ಅದನ್ನ ಹೇಳಿ ಮೊದಲು.

ತುಂಗಾತೀರ
ಹೋಗಲ್ಲ. ಖಾತೆ ಅದೇ ಇರುತ್ತದೆ, ಹೆಸರು ಮಾತ್ರ ಬದಲಾಗುತ್ತದೆ. ಆದರೆ ಹಳೆಯ ಪೋಸ್ಟರ್, ಕಾರ್ಡ್, ಬೇರೆಯವರ ಬ್ಲಾಗಿನಲ್ಲಿ ಇರುವ ಹಳೇ ಲಿಂಕ್ ಸತ್ತುಹೋಗುತ್ತದೆ. ಹಳೇ ಹೆಸರನ್ನು ಮುಂದೆ ಇನ್ನೊಬ್ಬರು ತೆಗೆದುಕೊಳ್ಳುವ ಅಪಾಯವೂ ಇದೆ. ಬದಲಿಸಿದ ಮೇಲೆ ಹಳೇ ಹೆಸರು ಸಿಕ್ಕರೆ ಅದರಲ್ಲಿ ಇನ್ನೊಂದು ಖಾತೆ ತೆರೆದು "ಇಲ್ಲಿಗೆ ಬನ್ನಿ" ಅಂತ ಒಂದು ಪೋಸ್ಟ್ ಹಾಕಿ ಬಿಡಿ.

ನೂಲೇಣಿ
ಮೂಲ ಪ್ರಶ್ನೆಗೆ ಬರೋಣ. "ಮಣ್ಣೋಲೆ" ಇಂಗ್ಲಿಷಿನಲ್ಲಿ mannole ಅಂದರು. ಫೋನಿನಲ್ಲಿ ಕೇಳಿದವರು ಒಂದು n ಬಿಟ್ಟು manole ಅಂತ ಟೈಪ್ ಮಾಡುತ್ತಾರೆ, ಕನ್ನಡ ಬಾರದವರ ಕಣ್ಣಿಗೆ ಅದು ಮ್ಯಾನ್‌ಹೋಲ್ ಆಗಿ ಕಾಣುತ್ತದೆ. ಸರಕು ಬೆಳೆಯದಿದ್ದರೂ ಈ ಒಂದು ಕಾರಣಕ್ಕೆ ಹೆಸರು ಬದಲಿಸಬೇಕು ಅಂತ ನನ್ನ ಅಭಿಪ್ರಾಯ.

ಕನ್ನಡ ಹೆಸರುಗಳ ದೊಡ್ಡ ತೊಡಕೇ ಇದು. ಲಿಪಿಯಲ್ಲಿ ಚೆಂದ ಕಾಣುತ್ತವೆ, ಡೊಮೈನಿಗೆ ಇಳಿಸಿದಾಗ ಕೆಡುತ್ತವೆ. "ಅಟ್ಟ" ಅಂತ ಇಟ್ಟುಕೊಳ್ಳಿ: ಹಳೇ ಮನೆ, ಕೂಡಿಟ್ಟ ವಸ್ತು ಎಲ್ಲ ನೆನಪಾಗುತ್ತದೆ. ಇಂಗ್ಲಿಷಿನಲ್ಲಿ atta, ಅಂದರೆ ಗೋಧಿ ಹಿಟ್ಟು! ಗೂಗಲ್‌ನಲ್ಲಿ ಹಿಟ್ಟಿನ ಕಂಪನಿಗಳನ್ನು ದಾಟಿ ನೀವು ಮೇಲೆ ಬರುವುದು ಕನಸಿನ ಮಾತು. "ಪಡಸಾಲೆ" ಅಂದರೆ padasale. ಕೊನೆಯ ನಾಲ್ಕು ಅಕ್ಷರ ನೋಡಿ. ವರ್ಷಪೂರ್ತಿ ಡಿಸ್ಕೌಂಟ್ ಅಂಗಡಿ ಅನ್ನಿಸುತ್ತದೆ. padasaale ಅಂತ ಬರೆದರೆ ತಪ್ಪುತ್ತದೆ, ಆದರೆ ಎರಡು a ಹಾಕಬೇಕು ಅಂತ ಪ್ರತಿ ಸಲ ಹೇಳಬೇಕು.

ಹಳೇಪೇಟೆ
.ಭಾರತ ಡೊಮೈನ್ ಕನ್ನಡ ಲಿಪಿಯಲ್ಲೇ ಸಿಗುತ್ತದಲ್ಲ? ಅದನ್ನ ಕೊಂಡರೆ ಇಂಗ್ಲಿಷ್ ಸ್ಪೆಲಿಂಗ್ ತಲೆನೋವೇ ಇಲ್ಲ.

ನೂಲೇಣಿ
ಸಿಗುತ್ತದೆ. ಕೊಂಡು ಮುಖ್ಯ ಸೈಟಿಗೆ ತಿರುಗಿಸಿಟ್ಟರೆ ಒಳ್ಳೆಯದೇ. ಒಂದೇ ವಿಳಾಸವಾಗಿ ಮಾತ್ರ ನಂಬಬೇಡಿ. ತೆರೆಮರೆಯಲ್ಲಿ ಅದು xn-- ಅಂತ ಶುರುವಾಗುವ ಅಕ್ಷರಗಳ ಸಾಲಾಗಿ ಇರುತ್ತದೆ. ಕೆಲವು ಆ್ಯಪ್‌ಗಳಲ್ಲಿ ಲಿಂಕ್ ಕಳಿಸಿದರೆ ಆ ಸಾಲೇ ಕಾಣುತ್ತದೆ, ಗಿರಾಕಿ ಮೋಸದ ಲಿಂಕ್ ಅಂತ ಹೆದರುತ್ತಾರೆ. ಆ ವಿಳಾಸದ ಇಮೇಲ್ ಅನ್ನು ಎಷ್ಟೋ ಫಾರಂಗಳು ಒಪ್ಪುವುದೇ ಇಲ್ಲ.

ಕಡಲಮಗಳು
ಒಂದು ಸುಲಭ ಪರೀಕ್ಷೆ ಇದೆ. ಹತ್ತು ಜನಕ್ಕೆ ಫೋನ್ ಮಾಡಿ. ಹೆಸರನ್ನು ಒಂದೇ ಸಲ ಹೇಳಿ, ಅಕ್ಷರ ಬಿಡಿಸಿ ಹೇಳಬೇಡಿ. "ಇಂಗ್ಲಿಷಿನಲ್ಲಿ ಟೈಪ್ ಮಾಡಿ ವಾಟ್ಸಾಪ್ ಮಾಡಿ" ಅನ್ನಿ. ಹತ್ತರಲ್ಲಿ ಎಂಟು ಜನ ಒಂದೇ ರೀತಿ ಬರೆದರೆ ಹೆಸರು ಪಾಸ್. ಉಳಿದ ಇಬ್ಬರು ಬರೆದ ಸ್ಪೆಲಿಂಗಿನ ಡೊಮೈನೂ ಕೊಂಡು ತಿರುಗಿಸಿಡಿ. ಐದಾರು ಬಗೆ ಬಂದರೆ ಎಷ್ಟೇ ಇಷ್ಟವಿದ್ದರೂ ಕೈಬಿಡಿ. ಹತ್ತು ಜನರಲ್ಲಿ ಮೂವರಾದರೂ ಕನ್ನಡ ಬಾರದವರಿರಲಿ.

ಸಂಪಿಗೆ
ಓಲೆ ಅಂದರೆ ಪತ್ರವೂ ಹೌದಲ್ಲವೇ? ಕರೆಯೋಲೆ ಅನ್ನುತ್ತೇವೆ. ಮಣ್ಣನ್ನು ಮಾತ್ರ ತೆಗೆದು "ಓಲೆ" ಉಳಿಸಿಕೊಳ್ಳಬಾರದೇಕೆ? ಉಡುಗೊರೆ ಜೊತೆ ಒಂದು ಚೀಟಿ ಬರೆದು ಕಳಿಸುವುದು ಇದ್ದೇ ಇರುತ್ತದೆ. ಹಳೇ ಗಿರಾಕಿಗಳಿಗೂ ಗುರುತು ಉಳಿಯುತ್ತದೆ.

ಕೆಮ್ಮಣ್ಣು
ಸಂಪಿಗೆ ಅವರೇ, ಪತ್ರದ ಅರ್ಥ ನಮಗೆ ಹೊಳೆದೇ ಇರಲಿಲ್ಲ. ತುಂಬಾ ಇಷ್ಟವಾಯಿತು.

ಧಾರವಾಡ್ ಫೇಡೆ
ಇಂಗ್ಲಿಷ್‌ನ್ಯಾಗ ole ಅಂತ ಬರದ್ರ ಒಲೆ ಅಂತ ಓದ್ತಾರ. ಅಡಗಿ ಮನಿ ಒಲಿ. ಸ್ಟವ್ ಅಂಗಡಿ ಆಗ್ತದ ನೋಡ್ರಿ.

ನೂಲೇಣಿ
ಸರಿಯಾಗಿ ಹೇಳಿದಿರಿ. ಅದೂ ಅಲ್ಲದೆ ಮೂರಕ್ಷರದ ಡೊಮೈನ್ ಖಾಲಿ ಸಿಗುವುದು ದುರ್ಲಭ.

ಸಂಪಿಗೆ
ಹಾಗಾದರೆ "ಕೈಯೋಲೆ". ಕೈಯಿಂದ ಮಾಡಿದ್ದು, ಕೈಯಾರೆ ಬರೆದ ಓಲೆ. ಕೇಳಲು ಮಣ್ಣೋಲೆಗೆ ಹತ್ತಿರವೂ ಇದೆ.

ಸಾಲುಮರ
ಕೈಯೋಲೆ ಸೂಪರ್. ಮುಗಿಯಿತು ಚರ್ಚೆ.

ತುಂಗಾತೀರ
ಮುಗಿದಿಲ್ಲ. ಹೆಸರಿನಲ್ಲಿ "ಕೈ" ಇದ್ದರೆ ಅದೊಂದು ಮಾತು ಕೊಟ್ಟ ಹಾಗೆ. ರಿಟರ್ನ್ ಗಿಫ್ಟ್ ಪೆಟ್ಟಿಗೆಗೆ ಇನ್ನೂರು ಸೆಟ್ ಆರ್ಡರ್ ಬಂತು ಅನ್ನಿ. ಅದರಲ್ಲಿ ಹಣತೆ ಕೈಯಲ್ಲಿ ಮಾಡಿದ್ದು, ಪೌಚ್ ಕೈಯಲ್ಲಿ ಹೊಲಿದದ್ದು. ಅಗರಬತ್ತಿ, ಚಾಕೊಲೇಟ್, ಸ್ಟೀಲ್ ಬಟ್ಟಲು? ಸಂಖ್ಯೆ ಏರಿದ ಹಾಗೆ ಪೆಟ್ಟಿಗೆಯೊಳಗೆ ಮೊದಲು ಹೊಕ್ಕುವುದು ಯಂತ್ರದಲ್ಲಿ ಮಾಡಿದ ಸಾಮಾನೇ. ಹಣತೆಯನ್ನೂ ಅಚ್ಚಿನಲ್ಲಿ ಒತ್ತಬೇಕಾಗುತ್ತದೆ. ಆಗ "ಕೈ" ಅನ್ನುವ ಪದ ಗಿರಾಕಿಯ ಪ್ರಶ್ನೆಯಾಗಿ ತಿರುಗಿ ಬರುತ್ತದೆ.

ಸಂಪಿಗೆ
ಅದು ಒಳ್ಳೆಯದೇ ಅಲ್ಲವೇ? ಹೆಸರು ಅಂಗಡಿಯವರನ್ನು ಸರಿದಾರಿಯಲ್ಲಿ ಇಡುತ್ತದೆ. ಸರಕು ಬೆಳೆಯಲಿ, ಕೈಕೆಲಸ ಬಿಟ್ಟು ಬೆಳೆಯುವುದು ಬೇಡ.

ತುಂಗಾತೀರ
ಅದು ಕೆಮ್ಮಣ್ಣು ಅವರು ನಿರ್ಧರಿಸಬೇಕಾದ ವಿಷಯ, ನಾವಲ್ಲ. ಐದು ವರ್ಷದ ನಂತರವೂ ಯಂತ್ರದ ಸಾಮಾನು ಮುಟ್ಟುವುದಿಲ್ಲ ಅಂತ ಖಚಿತವಿದ್ದರೆ "ಕೈ" ಇರಲಿ. ಅರೆಮನಸ್ಸಿದ್ದರೆ ಆ ಮಾತನ್ನು ಹೆಸರಿನಿಂದ ತೆಗೆದು ಅಡಿಬರಹಕ್ಕೆ ಹಾಕಿ. ಅಡಿಬರಹ ಒಂದು ಸಂಜೆಯಲ್ಲಿ ಬದಲಿಸಬಹುದು. "ಕೈಯಿಂದ ಮಾಡಿದ ಮಣ್ಣಿನ ಒಡವೆ" ಅನ್ನುವುದು ಈ ವರ್ಷದ ಅಡಿಬರಹ, "ಕೈಯಿಂದ ಮಾಡಿದ ಉಡುಗೊರೆಗಳು" ಮುಂದಿನ ವರ್ಷದ್ದು. ಹೆಸರು ಏನನ್ನೂ ಹೇಳದಿದ್ದರೂ ಗೂಗಲ್‌ನಲ್ಲಿ ಹುಡುಕುವವರಿಗೆ ಸಿಗಲು ಈ ಸಾಲು ಸೈಟಿನ ಶೀರ್ಷಿಕೆಯಲ್ಲಿ ಇದ್ದರೆ ನೆರವಾಗುತ್ತದೆ.

ಹಳೇಪೇಟೆ
ಚನ್ನಪಟ್ಟಣದ ಗೊಂಬೆಯೂ ಬರುತ್ತದಲ್ಲ, "ಚನ್ನಪಟ್ಟಣ ಕ್ರಾಫ್ಟ್ಸ್" ಇಟ್ಟರೆ ಹೊರದೇಶದವರಿಗೂ ಗೊತ್ತಿರುವ ಹೆಸರು. ಇಲ್ಲಾ "ಖಾದಿ" ಏನಾದರೂ ಸೇರಿಸಿ.

ಗುರುತುಚೀಟಿ
ದಯವಿಟ್ಟು ಎರಡೂ ಬೇಡ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು ಇದೆ. ಆ ಹೆಸರಿನ ಅಂಗಡಿಯಲ್ಲಿ ಬೇರೆ ಊರಿನ ಮರದ ಗೊಂಬೆ ಒಂದೇ ಒಂದು ಇಟ್ಟರೂ ಗಿರಾಕಿಯ ದಾರಿ ತಪ್ಪಿಸಿದ ಹಾಗೆ, ಅಂಥ ಟ್ರೇಡ್‌ಮಾರ್ಕ್ ನೋಂದಣಿಯೂ ಆಗದು. ಸರಕಿನ ಪುಟದಲ್ಲಿ "ಚನ್ನಪಟ್ಟಣದ ಗೊಂಬೆ" ಅಂತ ಬರೆಯಿರಿ, ಅದು ನಿಜವಾಗಿ ಅಲ್ಲಿಯದೇ ಆಗಿದ್ದರೆ. "ಖಾದಿ" ಟ್ರೇಡ್‌ಮಾರ್ಕ್ ಖಾದಿ ಗ್ರಾಮೋದ್ಯೋಗ ಆಯೋಗದ್ದು, ಅನುಮತಿ ಇಲ್ಲದೆ ಬಳಸಿದವರ ಮೇಲೆ ಅವರು ಕೇಸು ಹಾಕುತ್ತಾರೆ.

ಗೊಂಬೆ ವಿಷಯ ಬಂದಿದ್ದರಿಂದ ಇನ್ನೊಂದು ಮಾತು. 2021ರ ಜನವರಿಯಿಂದ ಆಟಿಕೆಗೆ ಗುಣಮಟ್ಟದ ಬಿಐಎಸ್ ಗುರುತು ಕಡ್ಡಾಯ. ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಅದು ಮಾಡುವವರಿಗೆ ಕೊಟ್ಟದ್ದು. ಕೊಂಡು ಮಾರುವ ನಿಮಗೂ ತಾನಾಗಿ ಬರುತ್ತದೆ ಅಂದುಕೊಳ್ಳದೆ ವಿಚಾರಿಸಿ, ಅವರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಿ.

ಸಾಲುಮರ
ಟ್ರೇಡ್‌ಮಾರ್ಕ್‌ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಲ್ಲಿ ಸರಕುಗಳನ್ನು ಅಂಕಿ ಕೊಟ್ಟು ಕ್ಲಾಸ್‌ಗಳಾಗಿ ವಿಂಗಡಿಸಿರುತ್ತಾರೆ, ಕ್ಲಾಸ್ ಬೇರೆ ಆದರೆ ಒಂದೇ ಹೆಸರನ್ನು ಯಾರು ಬೇಕಾದರೂ ಇಡಬಹುದು. ನಂದಿನಿ ಹಾಲು ಇದೆ, ನಂದಿನಿ ಹೋಟೆಲೂ ಇದೆ.

ಗುರುತುಚೀಟಿ
ಉದಾಹರಣೆ ಒಳ್ಳೆಯದು, ಆದರೆ ಅದು ಹೇಳುವ ಪಾಠ ಬೇರೆ. ಕೆಎಂಎಫ್ 1985ರಿಂದ ನಂದಿನಿ ಬಳಸುತ್ತಿದೆ, ಬೆಂಗಳೂರಿನ ನಂದಿನಿ ಡೀಲಕ್ಸ್ ಹೋಟೆಲಿನವರು 1989ರಿಂದ. ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 2018ರಲ್ಲಿ ಹೋಟೆಲಿನವರ ಪರ ತೀರ್ಪು ಬಂತು. ಅಲ್ಲಿ ಇಬ್ಬರೂ ಬೇರೆ ಬೇರೆ ಕ್ಲಾಸಿನಲ್ಲಿ ಇರಲಿಲ್ಲ. ಒಂದೇ ಕ್ಲಾಸಿನೊಳಗಿದ್ದರೂ ಸರಕು ಬೇರೆ, ಚಿಹ್ನೆ ಬೇರೆ, ಗಿರಾಕಿಗೆ ಗೊಂದಲ ಆಗುವುದಿಲ್ಲ ಅಂತ ಕೋರ್ಟ್ ನೋಡಿತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಹೋಟೆಲಿನವರಿಗೆ ಆ ಹೆಸರು ಸಿಗಲಿಲ್ಲ. ಅಂದರೆ ಕ್ಲಾಸಿನ ಅಂಕಿ ನಿಮ್ಮನ್ನು ಕಾಪಾಡುವುದೂ ಇಲ್ಲ, ಮುಳುಗಿಸುವುದೂ ಇಲ್ಲ. ಸರಕು ಹತ್ತಿರವಾ, ಜನ ಗೊಂದಲಪಡುತ್ತಾರಾ ಅನ್ನುವುದೇ ಪ್ರಶ್ನೆ. ಸರಕು ಬೆಳೆಸಲು ಹೊರಟವರು ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಇವತ್ತು ದೂರವಿರುವ ಹೆಸರಿಗೆ ನಾಳೆ ನೀವು ಸೇರಿಸುವ ಸರಕು ಹತ್ತಿರ ಬರಬಹುದು.

ಆದ್ದರಿಂದ ಹುಡುಕುವಾಗ ಈಗಿನ ಸರಕಿನ ಕ್ಲಾಸ್ ಮಾತ್ರ ನೋಡಬೇಡಿ. ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ತಾಣವಾದ ಐಪಿ ಇಂಡಿಯಾ ಸೈಟಿನ ಪಬ್ಲಿಕ್ ಸರ್ಚ್‌ನಲ್ಲಿ ಎರಡು ವರ್ಷದ ಯೋಜನೆಯ ಎಲ್ಲ ಕ್ಲಾಸನ್ನೂ ಒಂದೊಂದಾಗಿ ನೋಡಿ. ಒಡವೆಗೆ 14, ಮಣ್ಣಿನ ಪಾತ್ರೆಗೆ 21, ಪೌಚು ಚೀಲಕ್ಕೆ 18, ಗೊಂಬೆಗೆ 28, ಅಗರಬತ್ತಿ ಸೋಪಿಗೆ 3, ಅಂಗಡಿ ನಡೆಸುವುದಕ್ಕೆ 35. ಪದ ಹಾಕಿ ಒಂದು ಸಲ, ಉಚ್ಚಾರಣೆಯ ಹುಡುಕಾಟದಲ್ಲಿ ಇನ್ನೊಂದು ಸಲ.

ಕೆಮ್ಮಣ್ಣು
ಅಷ್ಟೂ ಕ್ಲಾಸಿಗೆ ಅರ್ಜಿ ಹಾಕಬೇಕಾ? ದುಡ್ಡು ಎಷ್ಟಾಗುತ್ತದೆ?

ಸಾಲುಮರ
35 ಒಂದೇ ಹಾಕಿ, ಅಂಗಡಿಯಲ್ಲಿರುವ ಎಲ್ಲವೂ ಅದರಲ್ಲೇ ಬರುತ್ತದೆ.

ಗುರುತುಚೀಟಿ
ಅರ್ಧ ಸರಿ. 35 ಕಾಯುವುದು ಮಾರಾಟದ ಸೇವೆಯನ್ನು. ಸಂಡೂರಿನ ಪೌಚನ್ನು ಅವರ ಹೆಸರಿನಲ್ಲೇ ತಂದು ಮಾರುವವರೆಗೆ 35 ಸಾಕು. ಯಾವ ಸರಕಿನ ಮೇಲೆ ನಿಮ್ಮದೇ ಹೆಸರಿನ ಚೀಟಿ ಅಂಟಿಸುತ್ತೀರೋ ಆ ಸರಕಿನ ಕ್ಲಾಸೂ ಬೇಕು. ಈಗ ಓಲೆ ಸಿಕ್ಕಿಸುವ ಕಾರ್ಡಿನ ಮೇಲೆ ನಿಮ್ಮ ಹೆಸರಿದೆ, ಹಾಗಾಗಿ 14 ಮತ್ತು 35. ವ್ಯಕ್ತಿ ಅಥವಾ ಸಣ್ಣ ಉದ್ಯಮ ಆನ್‌ಲೈನಿನಲ್ಲಿ ಹಾಕಿದರೆ ಸರ್ಕಾರಿ ಶುಲ್ಕ ಕ್ಲಾಸಿಗೆ 4,500 ರೂಪಾಯಿ, ಎರಡಕ್ಕೆ 9,000. ಉಳಿದದ್ದು ಆಯಾ ಸರಕು ಬಂದಾಗ ಹೊಸ ಅರ್ಜಿ. ಹೆಸರನ್ನು ಲೋಗೊ ಇಲ್ಲದೆ ಬರೀ ಪದವಾಗಿ ಹಾಕಿ. ಹಾಕಿದ ಮೇಲೆ ಗುರುತನ್ನು ಗಣನೀಯವಾಗಿ ಬದಲಿಸಲು ಬಿಡುವುದಿಲ್ಲ. ಲೋಗೊದಲ್ಲಿ ಕಿವಿಯೋಲೆ ಚಿತ್ರ ಇದ್ದು ಅದನ್ನೇ ನೋಂದಾಯಿಸಿದರೆ ಹೆಸರು ಬದಲಿಸಿದ್ದೂ ವ್ಯರ್ಥ.

ಕಡಲಮಗಳು
ನಾನು "ಜಗಲಿ" ಅಂತ ಸೂಚಿಸುತ್ತೇನೆ. ಬಂದವರು ಮೊದಲು ಕೂರುವ ಜಾಗ. ಯಾವ ಸಾಮಾನಿಗೂ ಕಟ್ಟುವುದಿಲ್ಲ, jagali ಅಂತ ಬರೆಯಲು ಒಂದೇ ದಾರಿ.

ಧಾರವಾಡ್ ಫೇಡೆ
ನಮ್ಮ ಕಡೆ ಜಗಲಿ ಅಂದ್ರ ದೇವರನ್ನ ಇಡೋ ಜಾಗರೀ. ನೀವು ಹೇಳೋದಕ್ಕ ಕಟ್ಟಿ ಅಂತೀವಿ. ದೇವರ ಜಗಲಿ ಮ್ಯಾಲೆ ಕಿವ್ಯಾಗಿಂದು ಮಾರೋದು ಹೆಂಗ?

ಕಡಲಮಗಳು
ಹೌದಾ, ಗೊತ್ತಿರಲಿಲ್ಲ. ಆದರೂ ಅರ್ಥ ಕೆಟ್ಟದೇನಲ್ಲ. ಮುಯ್ಯಿ ಹಾಗೆ ಇರಿಸುಮುರಿಸು ಮಾಡುವುದಿಲ್ಲ.

ಧಾರವಾಡ್ ಫೇಡೆ
ಕೆಟ್ಟ ಅಲ್ಲ, ಖರೆ. ಆದ್ರ ಬಾಗಿನಕ್ಕ ಪೂಜಾ ಸಾಮಾನು ಅಂತ ಬ್ಯಾಡ ಅಂದ್ರಿ, ಇದಕ್ಕೂ ಅದೇ ಮಾತು ಹತ್ತತದಲ್ರಿ.

ನೂಲೇಣಿ
ಮಣ್ಣೋಲೆಯನ್ನು ಪೂರ್ತಿ ಬಿಸಾಡಬೇಡಿ ಅಂತ ನನ್ನ ವಿನಂತಿ. ಹೊಸ ಹೆಸರು ಅಂಗಡಿಗೆ, ಮಣ್ಣೋಲೆ ಅದರೊಳಗೆ ಟೆರಾಕೋಟಾ ಒಡವೆಯ ಸಾಲಿಗೆ. ಹಳೇ ಗಿರಾಕಿ ಮಣ್ಣೋಲೆ ಅಂತ ಹುಡುಕಿದರೆ ಆ ಪುಟ ಸಿಗಬೇಕು. ಡೊಮೈನ್ ಇನ್ನೂ ಕೊಂಡಿಲ್ಲ ಅನ್ನುವುದು ನಿಮ್ಮ ಅದೃಷ್ಟ. ಸೈಟ್ ಓಡುತ್ತಿದ್ದು ಆಮೇಲೆ ಬದಲಿಸಿದರೆ ಪ್ರತಿ ಹಳೇ ಪುಟವನ್ನೂ ಅದರ ಹೊಸ ಪುಟಕ್ಕೆ 301 ಅನ್ನುವ ಕಾಯಂ ರೀಡೈರೆಕ್ಟ್ ಹಾಕಿ ತಿರುಗಿಸಬೇಕು. ಗೂಗಲ್ ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷ ಹಾಗೆ ಇಡಿ ಅನ್ನುತ್ತದೆ, ಹಳೇ ಡೊಮೈನಿಗೆ ವರ್ಷವರ್ಷ ದುಡ್ಡು ಕಟ್ಟುತ್ತಲೇ ಇರಬೇಕು.

ಬೆಲ್ಲದಚ್ಚು
ಯುಪಿಐ ಹೆಸರೂ ನೋಡಿಕೊಳ್ಳಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಬೇರೆ ಹೆಸರು ಬಂದರೆ ಗಿರಾಕಿಗಳು ದುಡ್ಡು ಹಾಕದೆ ಫೋನ್ ಮಾಡಿ ಕೇಳುತ್ತಾರೆ.

ತುಂಗಾತೀರ
ಒಳ್ಳೆಯ ಮಾತು. ಅದಕ್ಕೇ ಕ್ರಮ ಮುಖ್ಯ: ಮೊದಲು ಟ್ರೇಡ್‌ಮಾರ್ಕ್ ಹುಡುಕಾಟ, ಅದೇ ದಿನ ಡೊಮೈನ್ ಮತ್ತು ಇನ್‌ಸ್ಟಾಗ್ರಾಮ್ ಹೆಸರು, ನಂತರ ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಮತ್ತು ಜಿಎಸ್‌ಟಿಯಲ್ಲಿ ವ್ಯಾಪಾರದ ಹೆಸರು, ಆ ಕಾಗದ ತೋರಿಸಿ ಕರೆಂಟ್ ಅಕೌಂಟ್, ಕೊನೆಗೆ ಕ್ಯೂಆರ್. ಪೆಟ್ಟಿಗೆ ಮೇಲೆ ಪ್ರಿಂಟ್ ಹಾಕಿಸುವುದು ಎಲ್ಲಕ್ಕಿಂತ ಕೊನೆ. ಮೊದಲ ವರ್ಷ ಖಾಲಿ ಕಂದು ಪೆಟ್ಟಿಗೆ, ಮೇಲೆ ಎರಡಿಂಚಿನ ಸ್ಟಿಕ್ಕರ್. ಸ್ಟಿಕ್ಕರ್ ನೂರರ ಲೆಕ್ಕದಲ್ಲಿ ಹೊಡೆಸಬಹುದು, ಪ್ರಿಂಟಾದ ಪೆಟ್ಟಿಗೆ ಸಾವಿರಕ್ಕೆ ಕಡಿಮೆ ಕೇಳಿದರೆ ರೇಟು ಏರುತ್ತದೆ.

ಕೆಮ್ಮಣ್ಣು
ಫೋನ್ ಪರೀಕ್ಷೆ ಮಾಡಿದೆವು. ಹತ್ತು ಜನ, ಮೂವರು ಕನ್ನಡ ಬಾರದವರು. ಜಗಲಿ: ಒಂಬತ್ತು jagali, ಒಂದು jagli. ಕೈಯೋಲೆ: kaiyole ನಾಲ್ಕು, kaiole ಎರಡು, ಉಳಿದ ನಾಲ್ವರು ನಾಲ್ಕು ರೀತಿ, ಅದರಲ್ಲಿ ಒಬ್ಬರು coyole. ಮನಸ್ಸು ಮಾತ್ರ ಇನ್ನೂ ಕೈಯೋಲೆ ಕಡೆಗೇ ಇದೆ. ನನ್ನ ಜೊತೆಗಾರ್ತಿ ಹುಬ್ಬಳ್ಳಿಯವಳು, ಜಗಲಿ ಅಂದರೆ ಅವಳಿಗೂ ದೇವರೇ ನೆನಪಾಗುವುದು.

ಸಂಪಿಗೆ
ಕೈಯೋಲೆಯನ್ನು ಅಂಗಡಿ ಹೆಸರು ಮಾಡದೆ ಪೆಟ್ಟಿಗೆಯೊಳಗೆ ಇಡುವ ಚೀಟಿಗೆ ಹೆಸರಾಗಿ ಇಡಿ. ಅದನ್ನು ಯಾರೂ ಟೈಪ್ ಮಾಡಬೇಕಾಗಿಲ್ಲ.

ಕೆಮ್ಮಣ್ಣು
ಅದು ಆಗಬಹುದು! ಹಾಗಾದರೆ ಅಂಗಡಿಗೆ ಇನ್ನೂ ಎರಡು ಮೂರು ಹೆಸರು ಬೇಕು. ಮನೆಯ ಜಾಗಗಳನ್ನೇ ಯೋಚಿಸುತ್ತಿದ್ದೇವೆ, ಹೊಸ್ತಿಲು, ಅಂಗಳ.

ನೂಲೇಣಿ
ಹೊಸ್ತಿಲು ಬೇಡ, hostel ಅಂತ ಓದುತ್ತಾರೆ.

ಗುರುತುಚೀಟಿ
ಅಂಗಳ ತುಂಬಾ ಜನ ಇಡುವಂಥ ಹೆಸರು. ಮೊದಲು 35ರಲ್ಲಿ ಹುಡುಕಿ, ಎಷ್ಟು ಬಂತು ಅಂತ ಇಲ್ಲಿ ಹಾಕಿ. ಆಮೇಲೆ ಮುಂದಿನ ಮಾತು.